ದಾರ ಅಂದರೆ ಯಾವ ದಾರ? ಸಣ್ಣ ಅಂಗಡಿಗೆ ಪ್ರಾಂಪ್ಟ್, ರಿಟ್ರೀವಲ್, ಫೈನ್‌ಟ್ಯೂನಿಂಗ್‌ಗಳಲ್ಲಿ ಯಾವುದು ಸಾಕು

ನಮ್ಮ ಭಾವನದು ಚಿಕ್ಕಮಗಳೂರಿನಲ್ಲಿ ತೋಟದ ಯಂತ್ರಗಳ ಬಿಡಿಭಾಗದ ಅಂಗಡಿ. ವರ್ಷ ಪೂರ್ತಿ ಒಂದೇ ವ್ಯಾಪಾರ ಅಲ್ಲ ಅದು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ರೊಬಸ್ಟಾ ತೋಟದವರೆಲ್ಲ ಸ್ಪ್ರಿಂಕ್ಲರ್ ಜೆಟ್ಟು, ವಾಷರ್ ಹುಡುಕಿಕೊಂಡು ಬರುತ್ತಾರೆ. ಮುಂಗಾರಿಗೆ ಮುಂಚೆ ಬೋರ್ಡೋ ದ್ರಾವಣ ಹೊಡೆಯುವ ಪಂಪುಗಳು ರಿಪೇರಿಗೆ ಸಾಲು ನಿಲ್ಲುತ್ತವೆ. ಮಳೆ ಬಿಟ್ಟರೆ ಬ್ರಷ್ ಕಟರ್, ಅರೇಬಿಕಾ ಕೊಯ್ಲು ಶುರುವಾದರೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್. ಸೀಸನ್ನಿನಲ್ಲಿ ಅವನ ಫೋನಿಗೆ ದಿನಕ್ಕೆ ಸುಮಾರು 80 ವಾಟ್ಸ್ಆ್ಯಪ್ ಮೆಸೇಜು ಬೀಳುತ್ತವೆ. ಹೆಚ್ಚಿನವು ಈ ಥರ ಇರುತ್ತವೆ:

```
anna brush cutter ge daara ideya, estu
```

ಇದಕ್ಕೆ ಉತ್ತರದ ಕರಡನ್ನು ಕಂಪ್ಯೂಟರಿನ ಎಐ ಮಾಡೆಲ್ಲೇ ಬರೆದಿಟ್ಟರೆ, ಭಾವ ನೋಡಿ ಕಳಿಸುವುದಷ್ಟೇ ಬಾಕಿ. ಕೆಲಸ ಕೇಳಿದರೆ ಇಷ್ಟೇ. ಆದರೆ ಶುರು ಮಾಡುವ ಮೊದಲೇ ಯಾರೋ ಅವನ ಕಿವಿಗೆ "ನಿಮ್ಮ ಡೇಟಾ ಹಾಕಿ ಮಾಡೆಲ್ ಟ್ರೈನ್ ಮಾಡಿಸಿ" ಅಂತ ಹಾಕಿದ್ದರು. "ಎರಡು ವರ್ಷದ ಚಾಟು ಪೂರ್ತಿ ಇದೆಯಲ್ಲಪ್ಪ, ಅದನ್ನೇ ಹಾಕಿ ಕಲಿಸಿಬಿಡು" ಅಂದ. ಎರಡು ವರ್ಷದ ಚಾಟು ಎಂದರೆ ದೊಡ್ಡ ರಾಶಿ ಅಂತಲೇ ನಾನೂ ಅಂದುಕೊಂಡಿದ್ದೆ. ಗುಡ್ ಮಾರ್ನಿಂಗ್ ಚಿತ್ರಗಳು, ಫೋನ್ ಮಾಡಿ ಮುಗಿಸಿದ ಮಾತುಗಳು, "ಅದೇ ಮೊನ್ನೆ ತಗೊಂಡಿದ್ದು" ಎಂಬಂಥವನ್ನೆಲ್ಲ ತೆಗೆದ ಮೇಲೆ, ಪ್ರಶ್ನೆ ಮತ್ತು ಸರಿಯಾದ ಉತ್ತರ ಎರಡೂ ಇರುವ ಜೋಡಿಗಳು ಉಳಿದದ್ದು 210.

ಸಣ್ಣ ವ್ಯಾಪಾರದ ಡೇಟಾ ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಅಷ್ಟರಲ್ಲಿ ಮೂರು ದಾರಿಗಳ ಪೈಕಿ ಯಾವುದನ್ನು ಹಿಡಿಯಬೇಕು, ಅದನ್ನು ತಿಳಿಯುವುದು ಹೇಗೆ ಎಂದು ಈ ಒಂದು ಅಂಗಡಿಯ ಮೇಲೇ ಹೇಳುತ್ತೇನೆ.

ಮೂರೂ ಮಾಡುವ ಕೆಲಸ ಬೇರೆ ಬೇರೆ

ಭಾವನ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಇರುವ ಒಬ್ಬ ಮೆಕ್ಯಾನಿಕ್ ಇದ್ದಾರೆ. ಎಂಜಿನ್ನಿನ ಸದ್ದು ಕೇಳಿಯೇ ಕಾರ್ಬ್ಯುರೇಟರೋ ಕ್ಲಚ್ಚೋ ಹೇಳಿಬಿಡುತ್ತಾರೆ. ಆದರೆ ರೇಟು ಕೇಳಿ ನೋಡಿ, ಅವರೂ ರಿಜಿಸ್ಟರ್ ತೆಗೆಯುತ್ತಾರೆ. ಸದ್ದು ಗುರುತಿಸುವುದು ಕೈಗೆ ಹತ್ತಿದ ಅಭ್ಯಾಸ. ರೇಟು ಎನ್ನುವುದು ಹೋದ ವಾರ ಒಂದಿದ್ದು ಈ ವಾರ ಇನ್ನೊಂದಾಗುವ ಸಂಗತಿ. ಅದನ್ನು ಬಾಯಿಪಾಠ ಮಾಡಿದರೆ ನಷ್ಟವೇ.

ಫೈನ್‌ಟ್ಯೂನಿಂಗ್ ಎಂದರೆ ಉದಾಹರಣೆಗಳನ್ನು ತೋರಿಸಿ ತೋರಿಸಿ ಮಾಡೆಲ್‌ನ ಒಳಗಿನ ತೂಕಗಳನ್ನೇ, ಅಂದರೆ ಅದರ ಉತ್ತರ ನಿರ್ಧರಿಸುವ ಅಂಕಿಗಳನ್ನೇ, ಬದಲಿಸುವುದು. ಮಾಡೆಲ್‌ಗೆ ಅಭ್ಯಾಸ ಹತ್ತಿಸುವ ಕೆಲಸ ಇದು. ರಿಟ್ರೀವಲ್‌ನಲ್ಲಿ ಮಾಡೆಲ್ ಹಾಗೇ ಇರುತ್ತದೆ. ಪ್ರಶ್ನೆ ಬಂದಾಗ ನಮ್ಮ ರಿಜಿಸ್ಟರಿನಿಂದ, ಕೈಪಿಡಿಗಳಿಂದ ಬೇಕಾದ ಸಾಲನ್ನು ಹುಡುಕಿ ಅದರ ಮುಂದಿಡುತ್ತೇವೆ. ಪ್ರಾಂಪ್ಟ್ ಎಂದರೆ ಪ್ರತಿ ಸಲವೂ ಪ್ರಶ್ನೆಯ ಜೊತೆಗೆ ಕಳಿಸುವ ಸೂಚನೆ: ನೀನು ಯಾರ ಪರವಾಗಿ ಬರೆಯುತ್ತಿದ್ದೀಯ, ಏನು ಹೇಳಬಹುದು, ಏನು ಹೇಳಬಾರದು, ಒಂದೆರಡು ಮಾದರಿ ಉತ್ತರ. ಸಾಮಾನ್ಯವಾಗಿ ಇವನ್ನು ಒಂದರ ಬದಲು ಇನ್ನೊಂದು ಎನ್ನುವಂತೆ ಹೋಲಿಸುತ್ತಾರೆ. ನನ್ನ ಅನುಭವದಲ್ಲಿ ಒಂದೊಂದೂ ಬೇರೆ ಬೇರೆ ತಪ್ಪನ್ನು ಸರಿಮಾಡುತ್ತದೆ. ಆದ್ದರಿಂದ ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ನಿಮ್ಮಲ್ಲಿ ಆಗುತ್ತಿರುವುದು ಯಾವ ತಪ್ಪು ಎಂದು ನೋಡಬೇಕು.

ಮೊದಲು ಅರವತ್ತು ಪ್ರಶ್ನೆ

ಇದನ್ನು ಬಿಟ್ಟು ಮುಂದೆ ಹೋದವರು ತಿಂಗಳುಗಟ್ಟಲೆ ಸುತ್ತು ಹೊಡೆಯುವುದನ್ನು ಕಂಡಿದ್ದೇನೆ. ನಾನೂ ಒಮ್ಮೆ ಹೊಡೆದಿದ್ದೇನೆ. ಹಳೆಯ ಚಾಟಿನಿಂದ ಅರವತ್ತು ನಿಜವಾದ ಪ್ರಶ್ನೆ ಆರಿಸಿದೆವು. ಒಂದೇ ಸೀಸನ್ನಿನವು ಬೇಡ ಎಂದು ವರ್ಷದ ಎಲ್ಲ ಕಾಲದಿಂದಲೂ ತೆಗೆದೆವು. ಕಾಗುಣಿತ ತಿದ್ದಲಿಲ್ಲ. ಜನ ಟೈಪ್ ಮಾಡಿದ್ದು ಹೇಗಿತ್ತೋ ಹಾಗೇ ಇಟ್ಟೆವು. ಎರಡು ಸಂಜೆ ಕೂತು ಭಾವ ಒಂದೊಂದಕ್ಕೂ ಸರಿಯಾದ ಉತ್ತರ ಹೇಳಿದ, ನಾನು ಬರೆದುಕೊಂಡೆ. ಈ ಅರವತ್ತನ್ನು ಆಮೇಲೆ ಪ್ರಾಂಪ್ಟಿನಲ್ಲಿ ಉದಾಹರಣೆಯಾಗಿಯೂ ಬಳಸಕೂಡದು, ತರಬೇತಿಗೂ ಹಾಕಕೂಡದು. ಅವು ಪರೀಕ್ಷೆಗೆ ಮಾತ್ರ.

ಬರೆದು ನೋಡಿದಾಗ 44 ಪ್ರಶ್ನೆಗಳಿಗೆ ರಿಜಿಸ್ಟರಿನ ಸಾಲು ಬೇಕಿತ್ತು: ಇದೆಯಾ, ಎಷ್ಟು, ಇದಕ್ಕೆ ಅದು ಕೂರುತ್ತಾ. 9 ಪ್ರಶ್ನೆಗಳಿಗೆ ಕಂಪನಿಯ ಕೈಪಿಡಿ ಬೇಕಿತ್ತು. ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕು ಎನ್ನುವಂಥವು. ಉಳಿದ 7 ಅಂಗಡಿಯ ನಿಯಮದವು: ಬಸ್ಸಿಗೆ ಹಾಕಿ ಕಳಿಸ್ತೀರಾ, ಭಾನುವಾರ ತೆಗೆದಿರುತ್ತಾ, ಬಿಚ್ಚಿದ ಸಾಮಾನು ವಾಪಸ್ ತಗೋತೀರಾ.

ಆಮೇಲಿನ ಹೆಜ್ಜೆಯೇ ನನ್ನ ಮಟ್ಟಿಗೆ ಇಡೀ ಲೆಕ್ಕಾಚಾರದ ತಿರುಳು. ಹುಡುಕುವ ವ್ಯವಸ್ಥೆ ಏನೂ ಕಟ್ಟದೆ, ಮೊದಲ ಎರಡು ಗುಂಪಿನ 53 ಪ್ರಶ್ನೆಗಳಿಗೂ ಸರಿಯಾದ ಸಾಲನ್ನು ಅಥವಾ ಪುಟವನ್ನು ನಾನೇ ಕೈಯಾರೆ ಹುಡುಕಿ ಪ್ರಶ್ನೆಯ ಜೊತೆ ಅಂಟಿಸಿ ಕೊಟ್ಟೆ. ಒಂದು ಮಧ್ಯಾಹ್ನದ ಬೇಸರದ ಕೆಲಸ. ಸರಿಯಾದ ಕಾಗದ ಕಣ್ಣಮುಂದೆ ಇದ್ದಾಗ ಮಾಡೆಲ್ ಸರಿಯಾಗಿ ಉತ್ತರಿಸಿದರೆ, ಕೊರತೆ ಇರುವುದು ಮಾಹಿತಿಯದು. ಹಾಗಾದರೆ ರಿಟ್ರೀವಲ್ ಸಾಕು. ಕಾಗದ ಇದ್ದೂ ತಪ್ಪಿದರೆ ಎಷ್ಟು ಚೆನ್ನಾಗಿ ಹುಡುಕಿ ಕೊಟ್ಟರೂ ಉಪಯೋಗವಿಲ್ಲ. ತಪ್ಪು ನಡವಳಿಕೆಯಲ್ಲಿದೆ. ಅದನ್ನು ಮೊದಲು ಪ್ರಾಂಪ್ಟಿನಿಂದ, ಆಗದಿದ್ದರೆ ಫೈನ್‌ಟ್ಯೂನಿಂಗ್‌ನಿಂದ ತಿದ್ದಬೇಕು.

ನಮ್ಮಲ್ಲಿ 53ರಲ್ಲಿ 46 ಸರಿ ಬಂದವು. ತಪ್ಪಿದ 7ರಲ್ಲಿ 4 ತಪ್ಪಿದ್ದು ಬೇರೆ ಥರ. ಮೇಲಿನ ಮೆಸೇಜನ್ನೇ ನೋಡಿ. ಬ್ರಷ್ ಕಟರಿಗೆ 'ದಾರ' ಎಂದರೆ ಕಳೆ ಕತ್ತರಿಸುವ ನೈಲಾನ್ ದಾರ ಇರಬಹುದು, ಸ್ಟಾರ್ಟ್ ಮಾಡಲು ಎಳೆಯುವ ದಾರವೂ ಇರಬಹುದು. ನೈಲಾನ್ ಆದರೆ 2.4 ಎಂ.ಎಂ.ನದೋ 3 ಎಂ.ಎಂ.ನದೋ? ಭಾವ ಇಂಥ ಕಡೆ ಉತ್ತರ ಕೊಡುವುದಿಲ್ಲ, "ಯಾವ ದಾರ ಸರ್, ಎಳೆಯೋದಾ, ಕಳೆ ಹೊಡೆಯೋದಾ?" ಅಂತ ತಿರುಗಿ ಕೇಳುತ್ತಾನೆ. ಮಾಡೆಲ್ ಮಾತ್ರ ಒಂದನ್ನು ತಾನೇ ಊಹಿಸಿಕೊಂಡು ರೇಟು ಹೇಳಿಬಿಟ್ಟಿತ್ತು. ಉಳಿದ 3ರಲ್ಲಿ ಕೇಳದೆ ಇದ್ದದ್ದನ್ನೆಲ್ಲ ಸೇರಿಸಿ ಉದ್ದ ಬರೆದು, ಕಾಗದದಲ್ಲಿಲ್ಲದ ಗ್ಯಾರಂಟಿಯನ್ನೂ ಕೊಟ್ಟಿತ್ತು.

ಪ್ರಾಂಪ್ಟಿನಲ್ಲಿ ಎಷ್ಟು ದೂರ

ಆ ಏಳಕ್ಕೂ, ನಿಯಮದ ಏಳಕ್ಕೂ ಮದ್ದು ಪ್ರಾಂಪ್ಟೇ ಆಯಿತು. ಅಂಗಡಿಯ ನಿಯಮಗಳು ಒಂದು ಪುಟ ಆಗುವುದಿಲ್ಲ. ಅದಕ್ಕೆ ಹುಡುಕುವ ವ್ಯವಸ್ಥೆ ಕಟ್ಟುವುದು ಹುಚ್ಚುತನ. ಹಾಗೇ ಪ್ರಾಂಪ್ಟಿನೊಳಗೆ ಬರೆದೆ. "ಎರಡು ಸಾಮಾನಿಗೆ ಹೊಂದುವ ಮಾತಾದರೆ ರೇಟು ಹೇಳಬೇಡ, ಒಂದೇ ಒಂದು ಪ್ರಶ್ನೆ ತಿರುಗಿ ಕೇಳು" ಎಂದು ಸೇರಿಸಿದೆ. ಬರಿಯ ಸೂಚನೆಗೆ ನಾಲ್ಕರಲ್ಲಿ ಎರಡು ಸರಿಯಾದವು. ಅದರ ಕೆಳಗೆ ಎಂಟು ಉದಾಹರಣೆ ಇಟ್ಟ ಮೇಲೆ ನಾಲ್ಕೂ ಸರಿಯಾದವು. ಆ ಎಂಟರಲ್ಲಿ ಮೂರು ತಿರುಗಿ ಕೇಳುವ ಉದಾಹರಣೆ, ಎರಡು "ಇಲ್ಲ" ಎನ್ನುವ ಉದಾಹರಣೆ ಬೇಕೆಂದೇ ಇಟ್ಟಿದ್ದು. ಬರೀ "ಇದೆ" ಎನ್ನುವ ಉದಾಹರಣೆಗಳನ್ನೇ ಕೊಟ್ಟರೆ ಅದು ಆ ಕಡೆಗೇ ವಾಲುತ್ತದೆ.

ಉದಾಹರಣೆಗಳಿಗಿಂತಲೂ ಹೆಚ್ಚು ಫಲ ಕೊಟ್ಟದ್ದು ಸುಮಾರು ನಲವತ್ತು ಪದಗಳ ಒಂದು ಪಟ್ಟಿ. ತೋಟದವರು ಏನಂತಾರೆ, ರಿಜಿಸ್ಟರಿನಲ್ಲಿ ಏನಂತಿದೆ ಎನ್ನುವ ಎರಡು ಕಾಲಂ. ಈ ಪಟ್ಟಿ ಯಾವ ಮಾಡೆಲ್‌ಗೂ ಗೊತ್ತಿರಲು ಸಾಧ್ಯವಿಲ್ಲ, ಭಾವನ ಕೌಂಟರಿನಲ್ಲಿ ನಿಂತವರಿಗೆ ಮಾತ್ರ ಗೊತ್ತು.

ಪ್ರಾಂಪ್ಟಿಗೆ ಮಿತಿ ಇದೆ. ನನ್ನದು ಒಮ್ಮೆ ಎಪ್ಪತ್ತು ನಿಯಮದವರೆಗೆ ಬೆಳೆದಿತ್ತು. ಪ್ರತಿ ತಪ್ಪಿಗೂ ಒಂದು ಸಾಲು ಸೇರಿಸುತ್ತ ಹೋದರೆ ಹಾಗೇ ಆಗುತ್ತದೆ. ಆಗ ಒಂದು ನಿಯಮ ಇನ್ನೊಂದಕ್ಕೆ ಅಡ್ಡ ಬರುತ್ತದೆ, ಉದ್ದದ ಪ್ರಾಂಪ್ಟಿನ ನಡುವೆ ಹೂತುಹೋದ ಸೂಚನೆಗಳು ಮರೆತುಹೋಗುತ್ತವೆ. ಇದನ್ನು ಪತ್ತೆ ಹಚ್ಚುವುದು ಸುಲಭ: ಹೊಸ ಸಾಲು ಸೇರಿಸಿದ ದಿನ ಅರವತ್ತನ್ನೂ ಮತ್ತೆ ಓಡಿಸಿ, ನಿನ್ನೆ ಸರಿಯಿದ್ದದ್ದು ಇವತ್ತು ತಪ್ಪಾಯಿತೇ ನೋಡಿ. ನಮ್ಮದು ಈಗ ಮೂವತ್ತು ಚಿಲ್ಲರೆ ಸಾಲಿಗೆ ಇಳಿದಿದೆ.

ಎಲ್ಲವನ್ನೂ ಪ್ರಾಂಪ್ಟಿನಲ್ಲೇ ತುಂಬಿದರೆ?

ಇದು ನಗುವ ಪ್ರಶ್ನೆಯಲ್ಲ. ಈಗಿನ ಮಾಡೆಲ್‌ಗಳು ಒಂದೇ ಸಲಕ್ಕೆ ಲಕ್ಷ ಟೋಕನ್, ಅಂದರೆ ಅಷ್ಟು ಪದದ ಚೂರುಗಳನ್ನು, ಓದಬಲ್ಲವು. ಭಾವನ ರಿಜಿಸ್ಟರಿನಲ್ಲಿ ಸುಮಾರು 1,400 ಸಾಮಾನು. ಇಂಗ್ಲಿಷ್ ಹೆಸರು, ಕೋಡ್, ರೇಟು ಸೇರಿ ಸಾಲಿಗೆ 25 ಟೋಕನ್ ಹಿಡಿದರೆ ಒಟ್ಟು 35,000. ಹಿಡಿಸುತ್ತದೆ. ಆದರೆ 80 ಮೆಸೇಜಿಗೂ ಅಷ್ಟನ್ನು ಕಳಿಸಿದರೆ ದಿನಕ್ಕೆ 28 ಲಕ್ಷ ಟೋಕನ್. ಸಾಮಾನಿನ ಹೆಸರನ್ನು ಕನ್ನಡದಲ್ಲೇ ಬರೆದರೆ ಇನ್ನೂ ಹೆಚ್ಚು, ಏಕೆಂದರೆ ಬಹಳಷ್ಟು ಮಾಡೆಲ್‌ಗಳು ಕನ್ನಡ ಪದವನ್ನು ಇಂಗ್ಲಿಷಿಗಿಂತ ಸಣ್ಣ ಸಣ್ಣ ಚೂರು ಮಾಡಿ ಎಣಿಸುತ್ತವೆ. ಬದಲಾಗದ ಭಾಗವನ್ನು ಪ್ರಾಂಪ್ಟಿನ ಮೊದಲಿಗೆ ಇಟ್ಟರೆ ಕೆಲವು ಕಂಪನಿಗಳು ಅದನ್ನು ನೆನಪಿಟ್ಟುಕೊಂಡು ಕಡಿಮೆ ದರ ಹಾಕುತ್ತವೆ ನಿಜ. ಆದರೆ ನಮಗೆ ಖರ್ಚಿಗಿಂತ ಕಾಡಿದ್ದು ಗೊಂದಲ. ಒಂದೇ ಥರದ ಹದಿನೈದು ವಾಷರ್ ಸಾಲುಗಳು ಒಟ್ಟಿಗೆ ಇದ್ದಾಗ ಪಕ್ಕದ ಸಾಲಿನ ರೇಟು ಎತ್ತಿಕೊಡುತ್ತಿತ್ತು.

ಹಾಸನದಲ್ಲಿ ಗೆಳೆಯನೊಬ್ಬ ಕಾಫಿಪುಡಿ ಅಂಗಡಿ ಇಟ್ಟಿದ್ದಾನೆ. ಅವನದು ಎಲ್ಲ ಸೇರಿ ಅರವತ್ತು ಬಗೆ: ಪೀಬೆರಿ, ಪ್ಲಾಂಟೇಷನ್, ಚಿಕೋರಿ ಎಷ್ಟು ಶೇಕಡಾ, ಕಾಲು ಕೆಜಿಯೋ ಅರ್ಧವೋ. ಅದೇ ಲೆಕ್ಕದಲ್ಲಿ 1,500 ಟೋಕನ್. ಅವನಿಗೂ ರಿಟ್ರೀವಲ್ ಕಟ್ಟಿಕೊಡುತ್ತೇವೆಂದು ಬಂದವರಿದ್ದರು. ಬೇಡವೇ ಬೇಡ ಅಂದೆ. ಪೂರ್ತಿ ರೇಟ್ ಲಿಸ್ಟನ್ನು ಪ್ರಾಂಪ್ಟಿನಲ್ಲಿ ಅಂಟಿಸಿ, ರೇಟು ಬದಲಾದ ದಿನ ಪಟ್ಟಿ ಬದಲಿಸುತ್ತಾನೆ. ಅಷ್ಟೇ. ಹೋಮ್‌ಸ್ಟೇಗಳಿಗೂ ಇದೇ ಮಾತು. ರೂಮಿನ ದರ, ಊಟದ ಸಮಯ, ಮುಳ್ಳಯ್ಯನಗಿರಿಗೆ ಜೀಪು, ಇವೆಲ್ಲ ಎರಡು ಪುಟ ಮೀರುವುದಿಲ್ಲ.

ಹುಡುಕಿ ಕೊಡುವುದರಲ್ಲಿ ಎಲ್ಲಿ ಎಡವುತ್ತಾರೆ

ರಿಟ್ರೀವಲ್ ಅಂದ ಕೂಡಲೇ ಎಲ್ಲರೂ ಎಂಬೆಡಿಂಗ್ ಎನ್ನುತ್ತಾರೆ. ವಾಕ್ಯದ ಅರ್ಥವನ್ನು ಅಂಕಿಗಳ ಸಾಲಾಗಿ ಮಾಡಿ, ಹತ್ತಿರದ ಅರ್ಥದ ವಾಕ್ಯ ಹುಡುಕುವ ವಿಧಾನ ಅದು. ಕೈಪಿಡಿಯ ಪ್ಯಾರಾಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. "ಎಂಜಿನ್ ಬಿಸಿಯಾಗಿ ನಿಂತುಹೋಗುತ್ತೆ" ಎಂದರೆ ಗಾಳಿ ಫಿಲ್ಟರ್ ಸ್ವಚ್ಛ ಮಾಡುವ ಪುಟ ಬರುತ್ತದೆ, ಪದಗಳು ಹೊಂದದಿದ್ದರೂ. ಬಿಡಿಭಾಗದ ರಿಜಿಸ್ಟರಿಗೆ ಬಂದರೆ ಅದೇ ಗುಣ ದೋಷವಾಗುತ್ತದೆ. ಅದರ ಕಣ್ಣಿಗೆ 2.4 ಎಂ.ಎಂ. ದಾರಕ್ಕೂ 3 ಎಂ.ಎಂ. ದಾರಕ್ಕೂ ಅರ್ಥ ಹೆಚ್ಚುಕಡಿಮೆ ಒಂದೇ. ಪಾರ್ಟ್ ನಂಬರಿನಲ್ಲಿ ಕೊನೆಯ ಅಂಕಿ ಬೇರೆ ಇದ್ದರೆ ಬಹಳ ಸಲ ಅದು ಗಮನಿಸುವುದೇ ಇಲ್ಲ, ಗಿರಾಕಿಗಾದರೋ ಅದು ಕೂರದ ಸಾಮಾನು.

ಹಾಗಾಗಿ ರೇಟು, ಸ್ಟಾಕು, ಕೋಡ್ ಇವಕ್ಕೆ ಅರ್ಥದ ಹುಡುಕಾಟ ಬೇಡ, ಪದದ ಹುಡುಕಾಟ ಬೇಕು. ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ದಿನಾ ಬೆಳಿಗ್ಗೆ ಒಂದು ಎಕ್ಸೆಲ್ ತೆಗೆದು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿಗೆ ಹಾಕಿದೆ. ಅದರಲ್ಲೇ ಪೂರ್ಣಪಠ್ಯ ಹುಡುಕಾಟದ ಸೌಲಭ್ಯ ಇದೆ, ದುಡ್ಡಿಲ್ಲ, ಸರ್ವರ್ ಇಲ್ಲ. ಆದರೆ ಕನ್ನಡಕ್ಕೆ ಅದರಲ್ಲೊಂದು ಗುಂಡಿ ಇದೆ, ನಾನು ಬಿದ್ದು ಎದ್ದಿದ್ದೇನೆ. ಪಂಪ್ ಎಂದು ಹುಡುಕಿದರೆ ಪೈಪ್ ಬರುತ್ತಿತ್ತು! ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ಅದರ ಮೂಲ ವ್ಯವಸ್ಥೆ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗ ಎಂದು ಎಣಿಸುತ್ತದೆ. ನಮ್ಮ ಗುಣಿತದ ಚಿಹ್ನೆ, ಅನುಸ್ವಾರ, ಅರ್ಧಾಕ್ಷರದ ಹಲಂತ ಚಿಹ್ನೆ ಇವೆಲ್ಲ ಅದಕ್ಕೆ ಪದ ಒಡೆಯುವ ಜಾಗಗಳು. ಅವನ್ನು ಕಿತ್ತರೆ 'ಪಂಪ್' ಆಗುವುದು ಪ, ಪ. 'ಪೈಪ್' ಆಗುವುದೂ ಪ, ಪ. ಟೇಬಲ್ ಮಾಡುವಾಗಲೇ ಆ ಚಿಹ್ನೆಗಳನ್ನೂ ಸೇರಿಸಿಕೋ ಎಂದು ಹೇಳಿದರೆ ಸರಿಹೋಗುತ್ತದೆ:

```sql
CREATE VIRTUAL TABLE parts USING fts5(
  code, name, local_names,
  tokenize = "unicode61 categories 'L* N* Co Mn Mc'"
);

SELECT code, name FROM parts
WHERE parts MATCH 'ಪಂಪ*' ORDER BY rank LIMIT 10;
```

ಕೊನೆಯ ನಕ್ಷತ್ರ ಯಾಕೆಂದರೆ, ಜನ ಪಂಪ್ ಎಂದಷ್ಟೇ ಬರೆಯುವುದಿಲ್ಲ. ಪಂಪಿಗೆ, ಪಂಪಿನ, ಪಂಪು ಎನ್ನುತ್ತಾರೆ. ವಿಭಕ್ತಿ ಕಳಚಿ ಹುಡುಕುವ ಸಾಧನ ಇದರಲ್ಲಿಲ್ಲ, ಮೊದಲ ಭಾಗ ಹೊಂದಿದರೆ ಸಾಕು ಎಂದು ಹೇಳಬೇಕಾಗುತ್ತದೆ.

`local_names` ಎಂಬ ಕಾಲಂ ಗಮನಿಸಿ. ಪ್ರತಿ ಸಾಮಾನಿಗೂ ಜನ ಕರೆಯುವ ಹೆಸರುಗಳನ್ನು ಕನ್ನಡ ಲಿಪಿಯಲ್ಲೂ, ಅವರು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವ ರೀತಿಯಲ್ಲೂ ಬರೆದಿಟ್ಟೆವು. ದಾರ, `daara`, `dara`, ಹೀಗೆ. 1,400ಕ್ಕೂ ಬರೆಯಲಿಲ್ಲ, ಹೆಚ್ಚು ಓಡುವ 300 ಸಾಮಾನಿಗೆ ಮಾತ್ರ. ಮೆಕ್ಯಾನಿಕ್ ಹೇಳುತ್ತ ಹೋದರು, ಅಂಗಡಿಯ ಹುಡುಗ ಟೈಪ್ ಮಾಡಿದ, ಮೂರು ಭಾನುವಾರ ಹಿಡಿಯಿತು.

ಇದರ ಫಲವನ್ನು ಉತ್ತರ ಓದಿ ಅಳೆಯಬೇಡಿ. ಮಾಡೆಲ್ ಬರೆದ ಉತ್ತರ ನೋಡುವ ಮೊದಲೇ, ಹುಡುಕಿದ ಮೊದಲ ಹತ್ತು ಸಾಲಿನಲ್ಲಿ ಸರಿಯಾದ ಸಾಲು ಬಂದಿದೆಯೇ ಎಂದಷ್ಟೇ ಎಣಿಸಿ. ಉತ್ತರ ತಪ್ಪಿದಾಗ ಹುಡುಕಾಟ ತಪ್ಪಿತೋ ಬರವಣಿಗೆ ತಪ್ಪಿತೋ ಎಂಬುದು ಆಗ ಮಾತ್ರ ಗೊತ್ತಾಗುತ್ತದೆ. ನಮ್ಮ 44 ಪ್ರಶ್ನೆಗಳಲ್ಲಿ ಎಂಬೆಡಿಂಗ್ ಒಂದರಿಂದಲೇ ಹುಡುಕಿದಾಗ 23ಕ್ಕೆ ಸರಿಯಾದ ಸಾಲು ಸಿಕ್ಕಿತ್ತು. ಪದದ ಹುಡುಕಾಟ ಮತ್ತು ಆಡುಹೆಸರಿನ ಕಾಲಂ ಸೇರಿದ ಮೇಲೆ 39ಕ್ಕೆ ಸಿಕ್ಕಿತು. ಉಳಿದ ಐದೂ ಫೋಟೋ ಕಳಿಸಿ "ಇದು ಬೇಕಿತ್ತು" ಅಂದವು. ಅವನ್ನು ನೇರ ಭಾವನಿಗೇ ಬಿಟ್ಟೆವು.

ಕೈಪಿಡಿಯ ವಿಷಯದಲ್ಲಿ ಒಂದು ನಿಯಮ ಕಟ್ಟುನಿಟ್ಟಾಗಿ ಇಟ್ಟಿದ್ದೇನೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸುವ ಪ್ರಮಾಣ ಕಂಪನಿಯಿಂದ ಕಂಪನಿಗೆ, ಆಯಿಲಿನಿಂದ ಆಯಿಲಿಗೆ ಬೇರೆ. ಒಂದಕ್ಕೆ 50:1, ಇನ್ನೊಂದಕ್ಕೆ 25:1. ಸಾಮಾನ್ಯ ಫೋರ್ ಸ್ಟ್ರೋಕಿಗೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸುವಂತಿಲ್ಲ. ಮಾಡೆಲ್‌ಗೆ ಈ ಅಂಕಿಗಳೆಲ್ಲ ಎಲ್ಲೋ ಓದಿದ ನೆನಪಿರುತ್ತದೆ, ಅದರಿಂದಲೇ ಅಪಾಯ. ಕೇಳಿದ ಯಂತ್ರದ ಕೈಪಿಡಿಯ ಪುಟ ಸಿಗದಿದ್ದರೆ ನೆನಪಿನಿಂದ ಒಂದು ಅಂಕಿ ಎತ್ತಿ ಹಾಕುತ್ತದೆ, ನಂಬಿದವನ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಪುಟ ಸಿಕ್ಕರೆ ಪುಟದ ಸಂಖ್ಯೆ ಸಮೇತ ಉತ್ತರ. ಸಿಗದಿದ್ದರೆ ಕರಡೇ ಬೇಡ, ಭಾವನೇ ಫೋನ್ ಮಾಡುತ್ತಾನೆ.

ಆದರೂ ಫೈನ್‌ಟ್ಯೂನ್ ಮಾಡಿ ನೋಡಿದೆ

ಭಾವನಿಗೆ ಸಮಾಧಾನವಾಗಲಿ ಎಂದು ಒಂದು ರಾತ್ರಿ ಬಾಡಿಗೆಯ ಜಿಪಿಯು ತೆಗೆದುಕೊಂಡು ಆ 210 ಜೋಡಿಗಳನ್ನು ಒಂದು ಸಣ್ಣ ಮಾಡೆಲ್‌ಗೆ ಕಲಿಸಿದೆ. ಈಗ ಇದು ಮೊದಲಿನಷ್ಟು ದುಬಾರಿ ಅಲ್ಲ. 2021ರಲ್ಲಿ ಬಂದ ಲೋರಾ ಎಂಬ ವಿಧಾನದಲ್ಲಿ ಮಾಡೆಲ್‌ನ ಎಲ್ಲ ತೂಕವನ್ನೂ ಮುಟ್ಟದೆ, ಪಕ್ಕಕ್ಕೆ ಸಣ್ಣ ಸಣ್ಣ ಕೋಷ್ಟಕಗಳನ್ನು ಜೋಡಿಸಿ ಅವನ್ನಷ್ಟೇ ತಿದ್ದುತ್ತಾರೆ. ಖರ್ಚು ಒಂದು ಮಸಾಲೆ ದೋಸೆ ಕಾಫಿಯ ಆಸುಪಾಸು.

ಬೆಳಿಗ್ಗೆ ನೋಡಿದರೆ ಅದು ಥೇಟ್ ಭಾವನ ಹಾಗೆ ಬರೆಯುತ್ತಿತ್ತು. ಅದೇ "ಹೂಂ ಇದೆ ಸರ್ ಬನ್ನಿ". ಮನೆಯವರೆಲ್ಲ ನಕ್ಕರು. ಆಮೇಲೆ ಅಂಗಡಿಯಲ್ಲಿ ಯಾವತ್ತೂ ಇಲ್ಲದ ಹತ್ತು ಸಾಮಾನು ಕೇಳಿದೆ: ಟ್ರ್ಯಾಕ್ಟರ್ ಟೈರು, ಫ್ರಿಜ್ಜಿನ ಗ್ಯಾಸು, ಹೀಗೆ. ಎಂಟಕ್ಕೆ ಇದೆ ಬನ್ನಿ ಅಂದಿತು. ಕಾರಣ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಸಾಮಾನು ಇದ್ದರೆ ಭಾವ ಮೆಸೇಜು ಹಾಕುತ್ತಾನೆ. ಇಲ್ಲದಿದ್ದರೆ ಗಿರಾಕಿ ತಪ್ಪಿಹೋಗಬಾರದೆಂದು ಫೋನ್ ಮಾಡಿ, "ಎರಡು ದಿನ ತಡೀರಿ, ಬೆಂಗಳೂರಿಂದ ತರಿಸ್ತೀನಿ" ಎನ್ನುತ್ತಾನೆ. ಚಾಟಿನಲ್ಲಿ 'ಇಲ್ಲ' ಎನ್ನುವುದು ದಾಖಲೇ ಆಗಿಲ್ಲ. 210 ಜೋಡಿಯಿಂದ ಅದು ಕಲಿತದ್ದು ಸರಿಯಾಗಿಯೇ ಇತ್ತು: ಈ ಅಂಗಡಿಯಲ್ಲಿ ಏನು ಕೇಳಿದರೂ ಇರುತ್ತದೆ. ಹಳೆಯ ಚಾಟನ್ನು ತರಬೇತಿಗೆ ಹಾಕುವವರು ಮೊದಲು ಈ ಸುಳ್ಳು ಪ್ರಶ್ನೆಗಳ ಪರೀಕ್ಷೆ ಮಾಡಬೇಕು, ಯಾಕೆಂದರೆ ಮಾಮೂಲಿ ಪ್ರಶ್ನೆಗಳಲ್ಲಿ ಇದು ಕಾಣಿಸುವುದಿಲ್ಲ.

ರೇಟೂ ಹಳೆಯದೇ ಬರುತ್ತಿತ್ತು, ಅದೂ ಬೇರೆ ಬೇರೆ ವರ್ಷದ್ದು ಕಲಸಿ. ಒಳಗೆ ಹೋದ ಒಂದು ರೇಟನ್ನು ಮಾತ್ರ ತೆಗೆಯುವುದು ಆಗುವ ಮಾತಲ್ಲ. ಹೊಸ ಸಂಗತಿಗಳನ್ನು ಹೀಗೆ ತುರುಕಿದರೆ ಮಾಡೆಲ್ ಅವನ್ನು ನಿಧಾನಕ್ಕೆ ಕಲಿಯುತ್ತದೆ, ಕಲಿತಂತೆಲ್ಲ ಇಲ್ಲದ್ದನ್ನು ಹೇಳುವ ಚಾಳಿ ಹೆಚ್ಚುತ್ತದೆ ಎಂದು 2024ರ ಒಂದು ಅಧ್ಯಯನವೂ ತೋರಿಸಿದೆ. ಡೇಟಾ ಕಡಿಮೆ ಇರುವ ಅಂಗಡಿಗೆ ಇದು ಎರಡು ಪಟ್ಟು ಹೊಡೆತ: ಒಂದೊಂದು ಸಂಗತಿಯೂ ಒಂದೋ ಎರಡೋ ಸಲ ಮಾತ್ರ ಬಂದಿರುತ್ತದೆ.

ಹಾಗಂತ ಫೈನ್‌ಟ್ಯೂನಿಂಗ್ ನಮಗೆ ಎಂದೂ ಬೇಡ ಎಂದಲ್ಲ. ಅದಕ್ಕೆ ತಕ್ಕ ಕೆಲಸ ಬೇರೆ ಇದೆ. ದೊಡ್ಡ ಎಸ್ಟೇಟಿನವರು ತಿಂಗಳಿಗೊಮ್ಮೆ ಉದ್ದನೆಯ ಆರ್ಡರ್ ಕಳಿಸುತ್ತಾರೆ, ಒಂದೇ ಉಸಿರಿನಲ್ಲಿ, ಅಲ್ಪವಿರಾಮ ಕೂಡ ಇಲ್ಲದೆ. ಅದನ್ನು ಬಿಲ್ಲಿನ ಸಾಲುಗಳಾಗಿ ಒಡೆಯಬೇಕು:

```json
{"in": "2.4 daara 3 roll mattu htp pump washer 1 dozen",
 "out": [{"item": "nylon line 2.4mm", "qty": 3, "unit": "roll"},
         {"item": "HTP pump washer", "qty": 12, "unit": "pc"}]}
```

ಇಲ್ಲಿ ರೇಟಿಲ್ಲ, ಸ್ಟಾಕಿಲ್ಲ. ನಾಳೆ ಬದಲಾಗುವುದು ಏನೂ ಇಲ್ಲ. ಒಂದೇ ಆಕಾರದ ಕೆಲಸ ನೂರಾರು ಸಲ ಬರುತ್ತದೆ, ಉತ್ತರ ಸರಿಯೋ ತಪ್ಪೋ ಎಂದು ಒಂದು ನೋಟಕ್ಕೆ ಗೊತ್ತಾಗುತ್ತದೆ. ಡೇಟಾ ತಾನಾಗಿಯೇ ಬೆಳೆಯುತ್ತದೆ ಕೂಡ. ಈಗ ದೊಡ್ಡ ಮಾಡೆಲ್ ಉದಾಹರಣೆಗಳ ಸಹಾಯದಿಂದ ಒಡೆದು ಕೊಡುತ್ತದೆ, ಬಿಲ್ ಹಾಕುವ ಹುಡುಗ ತಪ್ಪಿದ್ದನ್ನು ತಿದ್ದುತ್ತಾನೆ, ತಿದ್ದಿದ್ದು ಒಂದು ಫೈಲಿಗೆ ಸೇರುತ್ತದೆ. ಅಂಥ ಕೆಲವು ನೂರು ಆದ ಮೇಲೆ ಸಣ್ಣ ಮಾಡೆಲ್‌ಗೆ ಕಲಿಸಿದರೆ ಅದೇ ಕೆಲಸ ಅಗ್ಗವಾಗಿ, ಬೇಗ, ಬೇಕಿದ್ದರೆ ಅಂಗಡಿಯ ಕಂಪ್ಯೂಟರಿನಲ್ಲೇ ಆಗುತ್ತದೆ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ನೆಟ್ ಹೋಗುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಮಾಡುವುದಾದರೆ ಒಂದು ಎಚ್ಚರ ಹೇಳಬೇಕು. ಡೇಟಾವನ್ನು ತರಬೇತಿಗೆ ಮತ್ತು ಪರೀಕ್ಷೆಗೆ ಎಂದು ಭಾಗ ಮಾಡುವಾಗ ಮೆಸೇಜಿನ ಲೆಕ್ಕದಲ್ಲಿ ಮಾಡಬೇಡಿ, ಗಿರಾಕಿಯ ಲೆಕ್ಕದಲ್ಲಿ ಮಾಡಿ. ಎಸ್ಟೇಟಿನ ಲೆಕ್ಕ ಬರೆಯುವ ಒಬ್ಬ ರೈಟರ್ ಪ್ರತಿ ತಿಂಗಳೂ ಅದೇ ಆರ್ಡರನ್ನು ಅದೇ ಕಾಗುಣಿತದಲ್ಲಿ ಕಳಿಸುತ್ತಾನೆ. ಜನವರಿಯದು ತರಬೇತಿಯಲ್ಲಿ, ಫೆಬ್ರವರಿಯದು ಪರೀಕ್ಷೆಯಲ್ಲಿ ಬಂದರೆ ಅಂಕ ಚೆನ್ನಾಗಿ ಬರುತ್ತದೆ. ಹೊಸ ಎಸ್ಟೇಟಿನಿಂದ ಮೊದಲ ಆರ್ಡರ್ ಬಂದ ದಿನ ಮಾಡೆಲ್ ಕೈಚೆಲ್ಲುತ್ತದೆ. ಡೇಟಾ ಕಡಿಮೆ ಇದ್ದಾಗ ಒಂದೇ ಪಾಠವನ್ನು ಹೆಚ್ಚು ಸುತ್ತು ಓದಿಸಿದರೂ ಬಾಯಿಪಾಠವಾಗುತ್ತದೆ. ತರಬೇತಿಯ ತಪ್ಪು ಇಳಿಯುತ್ತಲೇ ಇದ್ದು, ಎತ್ತಿಟ್ಟ ಭಾಗದ ತಪ್ಪು ಏರತೊಡಗಿದರೆ ಅಲ್ಲಿಗೆ ನಿಲ್ಲಿಸಬೇಕು. ನಮ್ಮ 210ಕ್ಕೆ ಮೂರನೇ ಸುತ್ತಿನಲ್ಲೇ ಏರಿತು. ಇನ್ನು ಗಿರಾಕಿಗಳ ಹೆಸರು, ಫೋನ್ ನಂಬರು ಎಲ್ಲಿಗೂ ಕಳಿಸುವ ಮೊದಲೇ ಅಳಿಸಿಬಿಡಿ. ತರಬೇತಿಗಂತೂ ಅವುಗಳಿಂದ ಏನೂ ಆಗಬೇಕಾದ್ದಿಲ್ಲ.

ಈಗ ಎಲ್ಲಿದ್ದೇವೆ

ಮೆಸೇಜು ಬಂದಾಗ ಮೊದಲು ಪ್ರಾಂಪ್ಟಿನ ಪದಪಟ್ಟಿ ನೋಡಿ ಅದನ್ನು ರಿಜಿಸ್ಟರಿನ ಮಾತಿಗೆ ತರುವುದು, ಆಮೇಲೆ ಪದದ ಹುಡುಕಾಟ, ಹತ್ತು ಸಾಲು ಮುಂದಿಟ್ಟು ಕರಡು. ಸ್ಟಾಕು ಬೆಳಗಿನ ಲೆಕ್ಕದ್ದು ಎಂದು ಕರಡಿನಲ್ಲೇ ಬರೆದಿರುತ್ತದೆ, ಯಾಕೆಂದರೆ ಮಧ್ಯಾಹ್ನದ ಹೊತ್ತಿಗೆ ಕೊನೆಯ ವಾಷರ್ ಡಬ್ಬಿ ಖಾಲಿಯಾಗಿರಬಹುದು. ಅರವತ್ತರಲ್ಲಿ ಈಗ 54 ಸರಿ ಬರುತ್ತವೆ. ತಪ್ಪುವ ಆರರಲ್ಲಿ ಐದು ಆ ಫೋಟೋದವು. ಇನ್ನೊಂದು, ಪ್ರತಿ ಸಲವೂ ತಪ್ಪುವ ಒಂದು ಪಲ್ಪರ್ ಡಿಸ್ಕಿನ ಪ್ರಶ್ನೆ. ಅದರ ಉತ್ತರ ರಿಜಿಸ್ಟರಿನಲ್ಲೇ ತಪ್ಪಿತ್ತು ಎಂದು ಮೊನ್ನೆ ಗೊತ್ತಾಯಿತು.

ಆರ್ಡರ್ ತಿದ್ದುಪಡಿಯ ಫೈಲಿನಲ್ಲಿ 340 ಸಾಲು ಸೇರಿದೆ. ಭಾವ "ಸಾಕಲ್ಲಪ್ಪ, ಈಗ ಕಲಿಸು" ಅನ್ನುತ್ತಿದ್ದಾನೆ. ಆ 340ರಲ್ಲಿ ಹೆಚ್ಚಿನವು ಡಿಸೆಂಬರಿನಿಂದ ಮಾರ್ಚಿನವರೆಗಿನವು, ಅಂದರೆ ಪಲ್ಪರ್ ಮತ್ತು ಸ್ಪ್ರಿಂಕ್ಲರ್. ಬೋರ್ಡೋ ಪಂಪಿನ ಆರ್ಡರುಗಳು ಬರೆಯುವ ಧಾಟಿಯೇ ಬೇರೆ, ಅವು ಒಂದೂ ಇಲ್ಲ. ಜೂನ್ ಕಳೆಯಲಿ ಅಂದಿದ್ದೇನೆ.